ಎರಡು ಶಾಟ್ ಸೇರುವ ಜಾಗ

ಕಿರುಚಿತ್ರಗಳ ಪ್ರದರ್ಶನದಲ್ಲಿ ಚಪ್ಪಾಳೆ ಎಲ್ಲಿ ಬೀಳುತ್ತದೆಂದು ಈಗ ಮೊದಲೇ ಹೇಳಿಬಿಡಬಹುದು. ಕ್ಯಾಮೆರಾ ಸರ್ರನೆ ಬಲಕ್ಕೆ ತಿರುಗುತ್ತದೆ, ಪರದೆಯೆಲ್ಲ ಕಲಸಿಹೋಗುತ್ತದೆ, ಮರುಕ್ಷಣ ಇನ್ನೊಂದು ಊರು. ಹಿಂದಿನ ಸಾಲಿನಿಂದ ಸಿಳ್ಳೆ. ಕಾವಲಿಯ ಮೇಲಿನ ರೊಟ್ಟಿ ಹೋಗಿ ಹುಣ್ಣಿಮೆ ಚಂದ್ರ ಬಂದರೆ ಇನ್ನೂ ಜೋರು. ‘ಎಂಥಾ ಮ್ಯಾಚ್ ಕಟ್ ಸರ್!’ ಎಂದು ಪಕ್ಕದವರು ಭುಜ ತಟ್ಟುತ್ತಾರೆ. ರೊಟ್ಟಿಗೂ ಚಂದ್ರನಿಗೂ ಕಥೆಯಲ್ಲಿ ಏನು ನಂಟು ಎಂದು ಕೇಳಿದರೆ ಉತ್ತರವಿಲ್ಲ. ಎರಡೂ ಉರುಟಾಗಿವೆ, ಅಷ್ಟೇ. ಈ ರುಚಿಯಿಂದ ನಿಮ್ಮನ್ನು ಬಿಡಿಸುವುದೇ ಈ ಬರಹದ ಉದ್ದೇಶ.

ನನ್ನ ಕಣ್ಣು ತೆರೆದದ್ದು ಒಂದು ಫಿಲ್ಮ್ ಸೊಸೈಟಿಯ ಗಟ್ಟಿ ಕುರ್ಚಿಯ ಮೇಲೆ, ಫ್ರಿಟ್ಸ್ ಲಾಂಗ್‌ನ ‘ಎಂ’ ನೋಡುವಾಗ. 1931ರ ಜರ್ಮನ್ ಚಿತ್ರ. ಮಕ್ಕಳನ್ನು ಕೊಲ್ಲುವವನೊಬ್ಬ ಊರಲ್ಲಿದ್ದಾನೆ. ಅವನನ್ನು ಹಿಡಿಯಲು ಪೊಲೀಸರು ಒಂದು ಕೋಣೆಯಲ್ಲಿ ಸಭೆ ಸೇರಿದ್ದಾರೆ. ಅವನಿಂದಾಗಿ ತಮ್ಮ ಕಸುಬಿಗೆ ಕುತ್ತು ಬಂತೆಂದು ಕಳ್ಳರೂ ಇನ್ನೊಂದು ಕೋಣೆಯಲ್ಲಿ ಸಭೆ ಸೇರಿದ್ದಾರೆ. ಕಳ್ಳರ ನಾಯಕ ಮಾತಾಡುತ್ತ ಕೈ ಬೀಸುತ್ತಾನೆ. ಅವನು ಶುರುಮಾಡಿದ ಆ ಬೀಸನ್ನು ಮುಗಿಸುವವನು ಪೊಲೀಸ್ ಅಧಿಕಾರಿ. ಕೈ ಒಂದೇ ಎಂಬಂತೆ ಸಾಗುತ್ತದೆ, ಕೋಣೆ ಬದಲಾಗಿರುತ್ತದೆ. ಪೊಲೀಸರೂ ಕಳ್ಳರೂ ಈಗ ಒಂದೇ ಕೆಲಸದಲ್ಲಿದ್ದಾರೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಆ ಸಂಜೆಯ ಮಟ್ಟಿಗೆ ನನಗೆ ಉಳಿದ ಸಿನಿಮಾ ಸರಿಯಾಗಿ ಕಾಣಲೇ ಇಲ್ಲ. ಆ ಕೈಯ ಹಿಂದೆಯೇ ಮನಸ್ಸು ಹೋಗಿತ್ತು.

ಅಲ್ಲಿ ಗಮನಿಸಬೇಕಾದದ್ದು ಇಷ್ಟು. ಎರಡು ಶಾಟ್‌ಗಳು ಯಾವುದೋ ಒಂದು ವಿಷಯದಲ್ಲಿ ಒಂದಾಗಿರುತ್ತವೆ, ಮಿಕ್ಕ ವಿಷಯಗಳಲ್ಲಿ ಬೇರೆಯಾಗಿರುತ್ತವೆ. ಒಂದಾದದ್ದು ಕಣ್ಣನ್ನು ದಾಟಿಸುತ್ತದೆ, ಬೇರೆಯಾದದ್ದು ಕಥೆಯನ್ನು ಹೇಳುತ್ತದೆ. ಚಪ್ಪಾಳೆ ತಟ್ಟುವವರು ಮೊದಲನೆಯದನ್ನು ಮಾತ್ರ ನೋಡುತ್ತಾರೆ.

ಕಣ್ಣು ದಾಟುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಪರದೆ ಎಷ್ಟೇ ದೊಡ್ಡದಿರಲಿ, ಒಂದು ಹೊತ್ತಿನಲ್ಲಿ ನಾವು ಸ್ಪಷ್ಟವಾಗಿ ನೋಡುವುದು ಒಂದು ಸಣ್ಣ ಜಾಗವನ್ನು ಮಾತ್ರ. ಚಲಿಸುವ ಕೈ, ಮಾತಾಡುವ ಮುಖ, ಹೊಳೆಯುವ ವಸ್ತು, ಹೀಗೆ. ಕಟ್ ಆದಾಗ ಹೊಸ ಶಾಟ್‌ನಲ್ಲಿ ನೋಡಬೇಕಾದದ್ದು ಪರದೆಯ ಇನ್ನೊಂದು ಮೂಲೆಯಲ್ಲಿದ್ದರೆ ಕಣ್ಣು ಅದನ್ನು ಹುಡುಕಿ ಹೊರಡಬೇಕು. ಹಾಗೆ ಹೊರಡಲು ಸುಮಾರು ಐದನೇ ಒಂದು ಸೆಕೆಂಡು ಹಿಡಿಯುತ್ತದೆ. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ 5 ಫ್ರೇಮ್ ವ್ಯರ್ಥ. ನೋಡುಗನಿಗೆ ‘ಏನೋ ಜರ್ಕ್ ಹೊಡೆಯಿತು’ ಅನ್ನಿಸುವುದು ಇಲ್ಲೇ. ಮೊದಲ ಶಾಟ್‌ನ ಕೊನೆಯಲ್ಲಿ ಕಣ್ಣು ಎಲ್ಲಿತ್ತೋ ಎರಡನೆಯ ಶಾಟ್‌ನ ಮೊದಲ ಫ್ರೇಮಿನಲ್ಲಿ ಮುಖ್ಯವಾದದ್ದು ಅಲ್ಲೇ ಸಿಕ್ಕರೆ ಹುಡುಕಾಟವಿಲ್ಲ. ಚಲನೆಯ ದಿಕ್ಕೂ ವೇಗವೂ ಅವೇ ಆಗಿದ್ದರೆ ಕಣ್ಣು ಆಗಲೇ ಅದೇ ದಾರಿಯಲ್ಲಿ ಹೋಗುತ್ತಿರುತ್ತದೆ, ನಡುವೆ ಲೋಕ ಬದಲಾದದ್ದು ಅದಕ್ಕೆ ತಡವಾಗಿ ತಿಳಿಯುತ್ತದೆ. ಜಾಗ, ದಿಕ್ಕು, ವೇಗ. ಆಕಾರ ಹೊಂದಿದರೆ ಒಳ್ಳೆಯದು, ಹೊಂದದಿದ್ದರೂ ನಡೆಯುತ್ತದೆ. ಎಲ್ಲರೂ ಉದಾಹರಿಸುವ ಕುಬ್ರಿಕ್‌ನ ‘2001’ ಚಿತ್ರದಲ್ಲಿ (1968) ಮೂಳೆಯ ನಂತರ ಬರುವ ಬಾಹ್ಯಾಕಾಶ ನೌಕೆ ಆ ಮೂಳೆಯ ಅಚ್ಚಲ್ಲ. ಉದ್ದನೆಯ ಬಿಳಿ ವಸ್ತು ಎಂಬಷ್ಟೇ ಹೋಲಿಕೆ ಸಾಕಾಯಿತು.

ಈಗ ಒಂದು ಕಿರುಚಿತ್ರವನ್ನು ಊಹಿಸಿಕೊಳ್ಳಿ. ಎಂಟು ನಿಮಿಷದ್ದು. ಹಳ್ಳಿಯ ಮನೆಯ ಬಾವಿಯಲ್ಲಿ ಹತ್ತು ವರ್ಷದ ಹುಡುಗ ನೀರು ಸೇದುತ್ತಿದ್ದಾನೆ. ಮುಂದಿನ ದೃಶ್ಯದಲ್ಲಿ ಅವನಿಗೆ ಮೂವತ್ತೈದು ವರ್ಷ, ಬೆಂಗಳೂರಿನಲ್ಲಿ ತನ್ನ ಅಂಗಡಿಯನ್ನು ಕೊನೆಯ ಬಾರಿ ಮುಚ್ಚುತ್ತಿದ್ದಾನೆ. ನಡುವಿನ ಇಪ್ಪತ್ತೈದು ವರ್ಷ ಒಂದೇ ಕಟ್‌ನಲ್ಲಿ ದಾಟಬೇಕು. ರಾಟೆಯ ಹಗ್ಗವನ್ನು ಕೆಳಕ್ಕೆ ಎಳೆಯುವ ಕೈ, ಅಂಗಡಿಯ ಶಟರನ್ನು ಕೆಳಕ್ಕೆ ಎಳೆಯುವ ಕೈ. ಎಳೆತ ಒಂದೇ. ಆದರೆ ಅಲ್ಲಿ ಹಗ್ಗ ಕೆಳಗೆ ಬಂದರೆ ಕೊಡ ಮೇಲೆ ಬರುತ್ತದೆ, ಇಲ್ಲಿ ಎಳೆದಷ್ಟೂ ಬಾಗಿಲು ಮುಚ್ಚುತ್ತದೆ. ಈ ವ್ಯತ್ಯಾಸವೇ ಕಥೆ. ಇದು ಸ್ಕ್ರಿಪ್ಟ್‌ನಲ್ಲೇ ಬರೆದಿರಬೇಕು: ಮೊದಲ ದೃಶ್ಯದ ಕೊನೆಯ ಸಾಲು, ಎರಡನೆಯದರ ಮೊದಲ ಸಾಲು, ಎರಡರಲ್ಲೂ ಕೈ. ಎಡಿಟಿಂಗ್ ಟೇಬಲ್‌ಗೆ ಬಂದಮೇಲೆ ಹೊಂದುವ ಶಾಟ್ ಹುಡುಕಿದರೆ ಸಿಗುವುದು ರೊಟ್ಟಿ ಮತ್ತು ಚಂದ್ರ.

ಯಾವುದನ್ನು ಮೊದಲು ಚಿತ್ರಿಸಬೇಕು? ನಮ್ಮ ಹಿಡಿತಕ್ಕೆ ಕಡಿಮೆ ಸಿಗುವುದನ್ನು. ಬಾವಿ ಹೊರಗಿದೆ, ಬಿಸಿಲು ಓಡುತ್ತಿರುತ್ತದೆ, ಹುಡುಗ ದಣಿಯುತ್ತಾನೆ. ಅದನ್ನು ಮುಗಿಸಿಕೊಂಡು, ಅದಕ್ಕೆ ಅಂಗಡಿಯನ್ನು ಹೊಂದಿಸಬೇಕು. ಹುಡುಗನನ್ನು ಪಕ್ಕದಿಂದ, ಮುಖ ಬಲಕ್ಕಿರುವಂತೆ ಹಿಡಿದಿದ್ದರೆ ದೊಡ್ಡವನ ಮುಖವೂ ಬಲಕ್ಕೇ ಇರಬೇಕು. ಲೆನ್ಸ್ ಅದೇ. ಆದರೆ ಕ್ಯಾಮೆರಾದ ಎತ್ತರವನ್ನು ನೆಲದಿಂದ ಅಳೆಯಬೇಡಿ, ಭುಜದಿಂದ ಅಳೆಯಿರಿ. ಹುಡುಗನ ಭುಜದ ಮಟ್ಟಕ್ಕೆ ಇಟ್ಟಿದ್ದರೆ ದೊಡ್ಡವನ ಭುಜದ ಮಟ್ಟಕ್ಕೆ ಏರಿಸಿ. ದೊಡ್ಡವನ ಮುಷ್ಟಿಯೂ ದೊಡ್ಡದು, ಆದ್ದರಿಂದ ಹುಡುಗನಿಂದ ಐದು ಅಡಿ ದೂರ ನಿಂತಿದ್ದ ಕ್ಯಾಮೆರಾ ಈಗ ಆರೂವರೆ ಅಡಿಗೆ ಹೋಗಬೇಕಾದೀತು. ಪರದೆಯ ಮೇಲೆ ಮುಷ್ಟಿಯ ಗಾತ್ರ ಒಂದೇ ಆಗುವವರೆಗೆ ಹಿಂದೆ ಸರಿಯಿರಿ. ನೋಡಿಕೊಳ್ಳುವುದು ಹೇಗೆ? ಬಾವಿಯ ಶಾಟ್‌ನಲ್ಲಿ ಕಟ್ ಆಗಬೇಕಾದ ಫ್ರೇಮನ್ನು ಮಾನಿಟರ್ ಮೇಲೆ ನಿಲ್ಲಿಸಿ, ಪಾರದರ್ಶಕ ಹಾಳೆ ಅಂಟಿಸಿ, ಮುಷ್ಟಿ, ಮೊಣಕೈ, ಗಲ್ಲ ಇವಿಷ್ಟನ್ನು ಸ್ಕೆಚ್ ಪೆನ್ನಿನಲ್ಲಿ ಬರೆದುಕೊಳ್ಳಿ. ಅಂಗಡಿಯಲ್ಲಿ ಅದೇ ಹಾಳೆ, ಅದೇ ಮಾನಿಟರ್. ದುಬಾರಿ ಉಪಕರಣ ಬೇಡ.

ವೇಗ ಇನ್ನೂ ಕಷ್ಟ. ಹಗ್ಗ ಒಂದೇ ಸಮನೆ ಬರುತ್ತದೆ. ಶಟರ್ ಮೊದಲು ಹಟ ಮಾಡಿ, ಆಮೇಲೆ ದಡದಡನೆ ಇಳಿಯುತ್ತದೆ. ಆದ್ದರಿಂದ ನಟ ಅದನ್ನು ತುದಿಯಿಂದ ಎಳೆಯಲು ಶುರುಮಾಡಲಿ, ನಮಗೆ ಬೇಕಾದದ್ದು ಅದು ಆಗಲೇ ಇಳಿಯುತ್ತಿರುವ ಹೊತ್ತು. ಕೈ ಕಣ್ಣಿನ ಮಟ್ಟವನ್ನು ದಾಟುವಾಗ, ಎಳೆತ ಅತಿ ವೇಗದಲ್ಲಿರುವಾಗ ಕಟ್ ಮಾಡಬೇಕು. ಎಳೆತ ಮುಗಿದು ಕೈ ನಿಂತಮೇಲೆ ಕಟ್ ಮಾಡಿದರೆ ಕಣ್ಣು ಹೊಸ ಚಿತ್ರವನ್ನು ಬಿಡುವಾಗಿ ನೋಡುತ್ತದೆ, ಕಟ್ ಎದ್ದು ಕಾಣುತ್ತದೆ. ನಿಧಾನ, ಮಧ್ಯಮ, ಜೋರು ಎಂದು ಎಳೆತಗಳನ್ನು ಬೇರೆ ಬೇರೆ ವೇಗದಲ್ಲಿ ಚಿತ್ರಿಸಿಕೊಂಡರೆ ಎಡಿಟರ್ ನಿಮ್ಮನ್ನು ಹರಸುತ್ತಾರೆ.

ಈಚಿನ ಕಿರುಚಿತ್ರಗಳಲ್ಲಿ ಮ್ಯಾಚ್ ಕಟ್ ಕೆಡುವುದು ಬಹುಪಾಲು ಇನ್ನೊಂದು ಕಾರಣಕ್ಕೆ, ಅದನ್ನು ಯಾರೂ ಗುರುತಿಸುವುದಿಲ್ಲ. ಮೊಬೈಲಿನಲ್ಲಿ ಚಿತ್ರಿಸುವಾಗ ಎಲ್ಲವನ್ನೂ ಆಟೋಗೆ ಬಿಟ್ಟರೆ, ಬಿಸಿಲಿನಲ್ಲಿ ಅದು ಶಟರ್ ಸ್ಪೀಡನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಆಚೆ ಒಯ್ಯುತ್ತದೆ. ಬೀಸುವ ಕೈಯ ಪ್ರತಿ ಫ್ರೇಮೂ ಕತ್ತರಿಸಿಟ್ಟ ಹಾಗೆ ಚೂಪಾಗಿ ಬರುತ್ತದೆ. ಅಂಗಡಿಯೊಳಗಿನ ಮಂದ ಬೆಳಕಿನಲ್ಲಿ ಅದೇ ಮೊಬೈಲ್ 1/50ಕ್ಕೆ ಇಳಿಯುತ್ತದೆ, ಕೈ ಮಸುಕಾಗಿ ಹರಿಯುತ್ತದೆ. ಜಾಗ, ದಿಕ್ಕು, ವೇಗ ಎಲ್ಲ ಸರಿ, ಆದರೂ ಎರಡು ಕೈ ಸೇರುವುದಿಲ್ಲ. 25 ಫ್ರೇಮಿಗೆ 1/50 ಎಂದು ಎರಡೂ ಕಡೆ ಕೈಯಾರೆ ಲಾಕ್ ಮಾಡಿ. ಬಿಸಿಲು ಹೆಚ್ಚಾದರೆ ಲೆನ್ಸ್ ಮುಂದೆ ಎನ್‌ಡಿ ಫಿಲ್ಟರ್ ಹಾಕಿ. ನಮ್ಮ ಕರೆಂಟು 50 ಹರ್ಟ್ಸ್‌ನದು, ಆದ್ದರಿಂದ 1/50ರಲ್ಲಿ ಅಂಗಡಿಯ ಟ್ಯೂಬ್‌ಲೈಟೂ ಮಿನುಗುವುದಿಲ್ಲ.

ಬಣ್ಣ, ಬೆಳಕುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ಬೇರೆಯಾಗಿರಲಿ ಬಿಡಿ, ಊರು ಬದಲಾಗಿದೆಯಲ್ಲ. ಗಾತ್ರದಲ್ಲಿ ಕೂದಲೆಳೆಯ ವ್ಯತ್ಯಾಸ ಉಳಿದರೆ, 4ಕೆಯಲ್ಲಿ ಚಿತ್ರಿಸಿ 1080ರಲ್ಲಿ ಮುಗಿಸುವವರಿಗೆ ಸರಿಸಲು, ಹಿಗ್ಗಿಸಲು ಜಾಗವಿರುತ್ತದೆ.

ಶಬ್ದದ ವಿಚಾರದಲ್ಲಿ ಮಾತ್ರ ನಾನು ಹಟಮಾರಿ. ಮುಂದಿನ ದೃಶ್ಯದ ಶಬ್ದವನ್ನು ಮೊದಲೇ ತಂದು ನುಣುಪು ಮಾಡುವುದು ಎಲ್ಲರಿಗೂ ಬಂದ ಚಾಳಿ. ಇಲ್ಲಿ ಬೇಡ. ಚಿತ್ರ ಇಷ್ಟು ಚೆನ್ನಾಗಿ ಸೇರಿರುವಾಗ ಶಬ್ದವೂ ಸೇರಿಕೊಂಡರೆ, ಹುಡುಗನ ಪಕ್ಕದಲ್ಲೇ ಅಂಗಡಿ ಇತ್ತೇನೋ ಎಂದು ನೋಡುಗ ಭಾವಿಸುತ್ತಾನೆ, ಇಪ್ಪತ್ತೈದು ವರ್ಷ ಕಳೆದದ್ದು ಗೊತ್ತೇ ಆಗುವುದಿಲ್ಲ. ರಾಟೆಯ ಕಿರುಗುಟ್ಟುವಿಕೆ ಕಟ್‌ನ ಫ್ರೇಮಿನಲ್ಲೇ ನಿಲ್ಲಲಿ, ಶಟರ್‌ನ ಸದ್ದು ಅದೇ ಫ್ರೇಮಿನಲ್ಲಿ ಅಪ್ಪಳಿಸಲಿ. ಚಿತ್ರ ಸೇರಿಸಿದ್ದನ್ನು ಶಬ್ದ ಬೇರೆ ಮಾಡಲಿ. ದೊಡ್ಡವನ ಮಣಿಕಟ್ಟಿನಲ್ಲಿ ಒಂದು ವಾಚು ಇದ್ದರೆ ಉಳಿದದ್ದನ್ನು ಅದೇ ಹೇಳುತ್ತದೆ.

ಕೊನೆಗೆ ಫ್ರೇಮುಗಳ ಲೆಕ್ಕ. ಡೇವಿಡ್ ಲೀನ್‌ನ ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿ (1962) ಲಾರೆನ್ಸ್ ಬೆಂಕಿಕಡ್ಡಿಯನ್ನು ಊದಿ ಆರಿಸುತ್ತಾನೆ, ಮರುಭೂಮಿಯ ಸೂರ್ಯೋದಯ ಬರುತ್ತದೆ. ಸ್ಕ್ರಿಪ್ಟ್‌ನಲ್ಲಿ ಇದ್ದದ್ದು ಒಂದು ಚಿತ್ರ ಇನ್ನೊಂದರಲ್ಲಿ ಕರಗುವ ಡಿಸಾಲ್ವ್. ಎಡಿಟಿಂಗ್ ಹಂತದಲ್ಲಿ ನೇರ ಕಟ್ ಆಗಿ ನೋಡಿದಾಗಲೇ ಅದರ ಬಲ ಕಂಡದ್ದು. ಇನ್ನೂ ಪಕ್ಕಾ ಮಾಡು ಎಂದು ಲೀನ್ ಕೊಟ್ಟಾಗ ಎಡಿಟರ್ ಆನ್ ಕೋಟ್ಸ್ ತೆಗೆದದ್ದು ಎರಡೇ ಫ್ರೇಮ್. ನೀವೂ ಬಾವಿಯ ಕೊನೆಯಿಂದ ಒಂದು ಫ್ರೇಮ್, ಶಟರ್‌ನ ಮೊದಲಿನಿಂದ ಒಂದು ಫ್ರೇಮ್ ಎಂದು ತೆಗೆದು ಸೇರಿಸಿ ನೋಡುತ್ತ ಹೋಗಬೇಕು. ಪರೀಕ್ಷೆ ಸುಲಭ: ಶಬ್ದ ಮುಚ್ಚಿ, ಮೊದಲ ಶಾಟ್‌ನ ಕೊನೆಯಲ್ಲಿ ಮುಷ್ಟಿ ಇರುವಲ್ಲಿ ಪರದೆಯ ಮೇಲೆ ಬೆರಳಿಡಿ, ಒಂದು ಫ್ರೇಮ್ ಮುಂದೆ ಹೋಗಿ. ಬೆರಳಿನ ಕೆಳಗೆ ಮುಷ್ಟಿ ಇರಬೇಕು, ಒಂದು ಎಳೆಯಷ್ಟು ಕೆಳಗೆ ಇಳಿದಿರಬೇಕು. ಮೇಲಕ್ಕೆ ಹೋಗಿದ್ದರೆ ಕೈ ಹಿಂದಕ್ಕೆ ಹಾರಿದಂತೆ ಕಾಣುತ್ತದೆ.

ಇಷ್ಟೆಲ್ಲ ಹೇಳಿದಮೇಲೆ ಅಳತೆಯನ್ನೂ ಹೇಳಿಬಿಡುತ್ತೇನೆ. ಸಂಕಲನಕಾರ ವಾಲ್ಟರ್ ಮರ್ಚ್ ಒಳ್ಳೆಯ ಕಟ್‌ನ ಗುಣಗಳಿಗೆ ಪಾಲು ಹಂಚುವಾಗ ಭಾವಕ್ಕೆ ನೂರರಲ್ಲಿ 51, ಕಥೆಗೆ 23 ಕೊಟ್ಟಿದ್ದಾರೆ. ಕಣ್ಣಿನ ಜಾಡಿಗೆ ಸಿಕ್ಕದ್ದು 7. ನಾನು ಇಲ್ಲಿಯವರೆಗೆ ಹೇಳಿದ ಅಳತೆಯ ಕೆಲಸವೆಲ್ಲ ಆ ಏಳರೊಳಗಿನದು. ಆದ್ದರಿಂದ ಎಂಟು ನಿಮಿಷದ ಚಿತ್ರಕ್ಕೆ ಇಂಥದ್ದು ಒಂದು ಸಾಕು, ಕಥೆ ದೊಡ್ಡದಾಗಿ ಜಿಗಿಯುವ ಕಡೆ. ಅದೂ ಬೇಕೇ ಎಂದು ತೀರ್ಮಾನಿಸಲು ಆ ಜಾಗದಲ್ಲಿ ಸಾದಾ ಕಟ್ ಹಾಕಿ ಇಡೀ ಚಿತ್ರವನ್ನು ಇನ್ನೊಮ್ಮೆ ನೋಡಿ. ಕಥೆಯಲ್ಲಿ ಏನೂ ಕಳೆದುಹೋಗದಿದ್ದರೆ ಸಾದಾ ಕಟ್ಟನ್ನೇ ಉಳಿಸಿಕೊಳ್ಳಿ.