ಓರೆಗೆರೆಯಲ್ಲಿ ಸಿಕ್ಕಿಬಿದ್ದ ತಾಯ್ನುಡಿ

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಬೋಧನಾ ಮಾಧ್ಯಮದ ಬಗ್ಗೆ ಒಂದು ಪ್ಯಾರಾ ಇದೆ. ಸಾಧ್ಯವಿರುವ ಕಡೆಯಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ, ಎಂಟರವರೆಗಾದರೆ ಇನ್ನೂ ಒಳ್ಳೆಯದು, ಮಗು ಯಾವ ಭಾಷೆಯಲ್ಲಿ ಕಲಿಯಬೇಕು ಎಂದು ಅದು ಹೇಳುತ್ತದೆ. ಆ ಭಾಷೆಗೆ ಅಲ್ಲಿ ನಾಲ್ಕು ಹೆಸರುಗಳಿವೆ: ಮನೆಮಾತು, ಮಾತೃಭಾಷೆ, ಸ್ಥಳೀಯ ಭಾಷೆ, ಪ್ರಾದೇಶಿಕ ಭಾಷೆ. ನಾಲ್ಕರ ನಡುವೆ 'ಮತ್ತು' ಎಂದಿಲ್ಲ, 'ಅಥವಾ' ಎಂದೂ ಇಲ್ಲ. ಒಂದೊಂದು ಓರೆಗೆರೆ ಇದೆ, ಅಷ್ಟೆ.

ಪಠ್ಯಕ್ರಮ ಅಧ್ಯಯನದ ವಿದ್ಯಾರ್ಥಿಯಾಗಿ ಈ ಪ್ಯಾರಾವನ್ನು ಎಷ್ಟೋ ಸಲ ಓದಿದ್ದೇನೆ. ಮೊದಮೊದಲು ಓರೆಗೆರೆ ಕಣ್ಣಿಗೇ ಬಿದ್ದಿರಲಿಲ್ಲ. ಮೈಸೂರಿನ ಕನ್ನಡ ಮನೆಯ ಮಗುವಿಗೆ ಈ ನಾಲ್ಕೂ ಒಂದೇ ಆಗಿರುವುದರಿಂದ ಅಲ್ಲಿ ತೊಡಕೇನೂ ಇಲ್ಲ. ಆದರೆ ನಾನು ಹುಟ್ಟಿದ್ದು ಬೆಳ್ತಂಗಡಿ ಕಡೆಯ ತುಳು ಮನೆಯಲ್ಲಿ. ಆ ವಾಕ್ಯದೊಳಗೆ ನನ್ನ ಊರಿನ ಮಗುವೊಂದನ್ನು ನಿಲ್ಲಿಸಿದ ದಿನ ನಾಲ್ಕು ಹೆಸರುಗಳೂ ಬೇರೆಬೇರೆಯಾದವು. ಮೊದಲ ಮೂರಕ್ಕೆ ಉತ್ತರ ತುಳು, ಕೊನೆಯದಕ್ಕೆ ಕನ್ನಡ. ಶಾಲೆ ಆರಿಸಿಕೊಳ್ಳುವುದು ಕೊನೆಯದನ್ನು. ಹಾಗೆ ಆರಿಸಿಕೊಂಡೂ ಅದು ನೀತಿಯನ್ನು ಪೂರ್ತಿ ಪಾಲಿಸಿದ ಹಾಗೇ ಆಗುತ್ತದೆ.

ಹಿಂದೆ ಹೀಗಿರಲಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮುಖ್ಯವಾಗಿ ಬಳಸಿದ್ದು 'ಮನೆಮಾತು' ಎಂಬ ಒಂದೇ ಪದವನ್ನು, ಅದೂ ಬಹುವಚನಕ್ಕೆ ಎಡೆಯಿಟ್ಟು. ಒಂದು ಮನೆಯಲ್ಲಿ ಎರಡು ಮೂರು ಮಾತುಗಳಿರಬಹುದು ಎಂಬ ತಿಳಿವಳಿಕೆ ಅದಕ್ಕಿತ್ತು. ಮೇಲಿನ ತರಗತಿಗಳಲ್ಲಿ ವ್ಯವಸ್ಥೆ ಇಲ್ಲದಿದ್ದರೂ ಪ್ರಾಥಮಿಕ ಶಿಕ್ಷಣವಾದರೂ ಮನೆಮಾತಿನಲ್ಲೇ ಆಗಬೇಕು ಎಂದು ಅದು ಹೇಳಿ, ಅದಕ್ಕೆ ಸಂವಿಧಾನದ 350ಎ ವಿಧಿಯನ್ನು ಆಧಾರವಾಗಿ ಕೊಟ್ಟಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎನ್ನುವ ವಿಧಿ ಅದು. ಅದು ಎಷ್ಟರಮಟ್ಟಿಗೆ ಜಾರಿಗೆ ಬಂತು ಎನ್ನುವುದು ಬೇರೆ ಮಾತು. ವಾಕ್ಯದಲ್ಲಿ ಮಾತ್ರ ನುಣುಚಿಕೊಳ್ಳಲು ಸಂದಿ ಇರಲಿಲ್ಲ.

2023ರ ಆಗಸ್ಟಿನಲ್ಲಿ ಬಂದ ಶಾಲಾ ಶಿಕ್ಷಣದ ಚೌಕಟ್ಟು ಭಾಷೆಗಳನ್ನು ಆರ್1, ಆರ್2, ಆರ್3 ಎಂದು ಕರೆಯಿತು. ಮಗು ಶಾಲೆಯಲ್ಲಿ ಮೊದಲು ಓದುಬರಹ ಕಲಿಯುವ ಭಾಷೆ ಆರ್1. ಅದು ಮಾತೃಭಾಷೆಯಾದರೆ ಒಳ್ಳೆಯದು. ಒಂದೇ ತರಗತಿಯಲ್ಲಿ ಹಲವು ಮನೆಮಾತುಗಳಿರುವಂಥ ಕಾರಣಗಳಿಂದ ಅದು ಆಗದಿದ್ದರೆ ಪರಿಚಿತ ಭಾಷೆಯೆಂಬ ನೆಲೆಯಲ್ಲಿ ರಾಜ್ಯದ ಭಾಷೆಯಾಗಬಹುದು. ಮೂರನೆಯ ಭಾಷೆ, ಎಂದರೆ ಆರ್3, ಸೇರಿಕೊಳ್ಳುವುದು ಆರನೆಯ ತರಗತಿಯಿಂದ.

ಈ ವಿಂಗಡಣೆಯಲ್ಲಿ ಒಂದು ಜಾಣತನವಿದೆ. ಯಾವ ಭಾಷೆಗೂ ಕಾಯಂ ಪಟ್ಟ ಕಟ್ಟದೆ, ಕಲಿಕೆಯ ಸರದಿಯನ್ನಷ್ಟೇ ಅದು ಹೇಳುತ್ತದೆ. ಆದರೆ ಎಣಿಕೆ ಶುರುವಾಗುವುದು ಅಕ್ಷರದಿಂದ. ಮಗು ಐದಾರು ವರ್ಷ ಆಡಿ, ಅತ್ತು, ಜಗಳವಾಡಿದ ಮಾತು ಶಾಲೆಯಲ್ಲಿ ಓದುಬರಹಕ್ಕೆ ಬರದಿದ್ದರೆ ಅದಕ್ಕೆ ಸಂಖ್ಯೆಯೇ ಇಲ್ಲ. ದಕ್ಷಿಣ ಕನ್ನಡ, ಉಡುಪಿಯ ಕೆಲವು ಶಾಲೆಗಳಲ್ಲಿ 2010ರ ಸುಮಾರಿನಿಂದ ತುಳುವನ್ನು ಐಚ್ಛಿಕ ತೃತೀಯ ಭಾಷೆಯಾಗಿ ಕಲಿಯಲು ಅವಕಾಶವಿದೆ, ಅದೂ ಆರನೆಯ ತರಗತಿಯಿಂದ. ಹೊಸ ಲೆಕ್ಕದಲ್ಲಿ ಅದು ಆರ್3. ಮಗುವಿನ ಬಾಯಿಗೆ ಮೊದಲು ಬಂದ ಭಾಷೆ ಪಠ್ಯಕ್ರಮದೊಳಕ್ಕೆ ಮೂರನೆಯದಾಗಿ, ಹನ್ನೊಂದನೆಯ ವಯಸ್ಸಿಗೆ ಬರುತ್ತದೆ.

ಇದರಿಂದ ಮಗುವಿಗೆ ಆಗುವುದೇನು? ಓದುವುದೆಂದರೆ ಎರಡು ಕೆಲಸ. ಅಕ್ಷರಗಳನ್ನು ಕೂಡಿಸಿ ಸದ್ದು ಮಾಡುವುದು ಒಂದು. ಆ ಸದ್ದು ತನಗೆ ಮೊದಲೇ ಗೊತ್ತಿರುವ ಮಾತು ಎಂದು ಗುರುತು ಹಿಡಿಯುವುದು ಇನ್ನೊಂದು. 'ಮ'ಕ್ಕೆ 'ರ' ಸೇರಿಸಿ 'ಮರ' ಎಂದಾಗ ತುಳು ಮಗುವಿಗೂ ಕಣ್ಣ ಮುಂದೆ ಮರ ಬರುತ್ತದೆ, ಏಕೆಂದರೆ ತುಳುವಿನಲ್ಲೂ ಅದು ಮರವೇ. 'ಮನೆ' ಎಂದು ಕೂಡಿಸಿದಾಗ ಅಷ್ಟು ಸುಲಭವಲ್ಲ. ಅದರ ಮನೆ 'ಇಲ್ಲ್'. ಪುಸ್ತಕದಲ್ಲಿ 'ಇಲ್ಲ' ಎಂಬ ಪದ ಬಂದಾಗ ಕಿವಿಗೆ ಮನೆಯ ಸದ್ದು ಕೇಳಿಸುತ್ತದೆ, ಅರ್ಥ ಮಾತ್ರ ಬೇರೆ. ಇನ್ನು ತುಳುವಿನಲ್ಲಿ 'ಅಪ್ಪೆ' ಎಂದರೆ ತಾಯಿ, 'ಅಮ್ಮೆ' ಎಂದರೆ ತಂದೆ. ಕನ್ನಡದ ಮೊದಲ ಪಾಠಗಳಲ್ಲಿ ಬರುವ ಅಮ್ಮ, ಅಪ್ಪ ಎರಡೂ ಈ ಮಗುವಿನ ಕಿವಿಗೆ ಅದಲುಬದಲು.

ಕರಾವಳಿಯ ಮಕ್ಕಳ ಕಿವಿಗೆ ಕನ್ನಡ ಬಿದ್ದಿರುತ್ತದೆ, ಹಾಗಾಗಿ ಇದನ್ನು ಅವರು ಕೆಲವು ವಾರಗಳಲ್ಲಿ ದಾಟಿಬಿಡುತ್ತಾರೆ ಎನ್ನಬಹುದು. ಪದಗಳ ಮಟ್ಟದಲ್ಲಿ ಅದು ನಿಜ. ಕೊರತೆ ಉಳಿಯುವುದು ವಾಕ್ಯದ, ಕತೆಯ ಮಟ್ಟದಲ್ಲಿ, ಮತ್ತು ಅದು ಮೇಲ್ನೋಟಕ್ಕೆ ಕಾಣುವುದಿಲ್ಲ. ಎರಡನೆಯ ತರಗತಿಯ ಮಗು ಪಾಠವನ್ನು ಎಡವದೆ ಓದುತ್ತದೆ. ಈಗ ಪುಸ್ತಕ ಮುಚ್ಚಿಸಿ, "ಕತೆ ಹೇಳು" ಎಂದು ಕೇಳಬೇಕು. ಕನ್ನಡದಲ್ಲಿ ಕೇಳಿದರೆ ಬಾಯಿಪಾಠವಾದ ಒಂದೆರಡು ಸಾಲು ಬರಬಹುದು. ತುಳುವಿನಲ್ಲೇ ಕೇಳಿ ನೋಡಬೇಕು. ತುಳುವಿನಲ್ಲಿ ಕತೆ ಪೂರ್ತಿ ಬಂದರೆ ಮಗುವಿಗೆ ಅರ್ಥವಾಗಿದೆ, ಹೇಳುವ ಕನ್ನಡ ಸಾಲದಾಗಿದೆ. ತುಳುವಿನಲ್ಲೂ ಬಾರದಿದ್ದರೆ ಆಗಿರುವುದು ಓದಲ್ಲ, ಬರಿಯ ಉಚ್ಚಾರಣೆ. ಎರಡಕ್ಕೂ ಮದ್ದು ಬೇರೆ. ಮನೆಮಾತಿನಲ್ಲಿ ಒಂದು ಪ್ರಶ್ನೆ ಕೇಳದೆ ಈ ವ್ಯತ್ಯಾಸ ಟೀಚರಿಗೆ ತಿಳಿಯುವುದೇ ಇಲ್ಲ.

ನೀತಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಮನೆಮಾತಿನಲ್ಲಿ ಪಠ್ಯಪುಸ್ತಕ ಇಲ್ಲದಿದ್ದರೂ ಟೀಚರು ಮಕ್ಕಳೊಡನೆ ಮಾತಾಡುವುದು ಸಾಧ್ಯವಾದಷ್ಟೂ ಮನೆಮಾತಿನಲ್ಲೇ ಇರಲಿ ಎಂದು ಅದೂ ಹೇಳುತ್ತದೆ. ಎರಡು ಭಾಷೆ ಬಳಸಿ ಕಲಿಸಲು ಪ್ರೋತ್ಸಾಹಿಸುತ್ತದೆ. ಒಳ್ಳೆಯ ಮಾತು. ಆದರೆ ಇಲ್ಲಿಯೂ 'ಸಾಧ್ಯವಾದಷ್ಟೂ' ಇದೆ. ಸಾಧ್ಯವೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು, ಸಾಧ್ಯವಿಲ್ಲ ಎಂದವರು ಯಾರಿಗೆ ಕಾರಣ ಕೊಡಬೇಕು ಎಂಬುದು ಅಲ್ಲಿ ಇಲ್ಲ.

ಇಂಥ ಸಡಿಲ ಪದಗಳಿಗೆ ಕನ್ನಡ ನಾಡು ಒಮ್ಮೆ ಬೆಲೆ ತೆತ್ತಿದೆ. 1994ರ ಏಪ್ರಿಲಿನಲ್ಲಿ ಕರ್ನಾಟಕ ಸರ್ಕಾರ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಬೋಧನಾ ಮಾಧ್ಯಮ ಮಾತೃಭಾಷೆ ಅಥವಾ ಕನ್ನಡವಾಗಿರಬೇಕು ಎಂದು ಆದೇಶ ಹೊರಡಿಸಿತು. ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2014ರ ಮೇ 6ರಂದು ತೀರ್ಪು ಕೊಟ್ಟಾಗ ಅದರ ಮುಂದಿದ್ದ ಪ್ರಶ್ನೆಗಳಲ್ಲಿ ಒಂದು ಇದೇ: ಮಾತೃಭಾಷೆ ಎಂದರೆ ಏನು, ಅದನ್ನು ನಿರ್ಧರಿಸುವವರು ಯಾರು? ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ತಂದೆತಾಯಿ ಅಥವಾ ಪೋಷಕರು ಎಂದಿತು ಪೀಠ. ಸರ್ಕಾರ ಮಾತೃಭಾಷೆಯನ್ನೇ ಮಾಧ್ಯಮವಾಗಿ ಹೇರುವಂತಿಲ್ಲ ಎಂದೂ ಹೇಳಿತು.

ಆ ತೀರ್ಪನ್ನು ನಾವು ಸಾಮಾನ್ಯವಾಗಿ ಇಂಗ್ಲಿಷಿನ ಗೆಲುವು, ಕನ್ನಡದ ಸೋಲು ಎಂದು ಓದುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಪಾಠ ಕಾಣುತ್ತದೆ. 'ಮಾತೃಭಾಷೆ' ಎಂದಾಗ ನಮ್ಮ ಮನಸ್ಸಿನಲ್ಲಿದ್ದದ್ದು ಬಹುಪಾಲು ಕನ್ನಡ. 2011ರ ಜನಗಣತಿಯಲ್ಲಿ ಕರ್ನಾಟಕದ ಸುಮಾರು ಶೇ. 66 ಮಂದಿ ಮಾತ್ರ ಕನ್ನಡವನ್ನು ತಮ್ಮ ಮಾತೃಭಾಷೆ ಎಂದಿದ್ದಾರೆ. ಉಳಿದ ಮೂರನೆಯ ಒಂದು ಪಾಲಿನ ಮನೆಗಳಿಗೆ ಆ 'ಅಥವಾ' ಏನು ಕೊಡುತ್ತದೆ ಎಂದು ನಾವು ಕೇಳಲಿಲ್ಲ. ಮಗುವಿನ ಕಲಿಕೆಯ ಹೆಸರಿನಲ್ಲಿ ವಾದ ಹೂಡಿ, ಒಳಗೆ ರಾಜ್ಯದ ಭಾಷೆಯ ವಾದವನ್ನು ಇಟ್ಟೆವು. ಕನ್ನಡಕ್ಕೆ ರಾಜ್ಯದ ಭಾಷೆಯಾಗಿ ತನ್ನದೇ ಹಕ್ಕಿದೆ, ಇಂಗ್ಲಿಷಿನ ಎದುರು ಅದಕ್ಕೆ ರಕ್ಷಣೆಯೂ ಬೇಕು. ಆ ವಾದವನ್ನು ಅದರ ಹೆಸರಿನಲ್ಲೇ ಮಾಡಬಹುದು. ತಾಂಡಾದ ಮಗುವಿನ ತಾಯ್ನುಡಿಯನ್ನು ಅದಕ್ಕೆ ಸಾಲ ಪಡೆಯುವುದು ಸರಿಯಲ್ಲ.

ತಾಂಡಾದ ಮಾತು ಬಂದದ್ದರಿಂದ ಹೇಳುತ್ತೇನೆ. ಲಂಬಾಣಿ ಮಗುವಿನ ಕಷ್ಟ ತುಳು ಮಗುವಿಗಿಂತ ದೊಡ್ಡದು. ಅದರ ಮನೆಮಾತು ದ್ರಾವಿಡ ಭಾಷೆಯಲ್ಲ. ತಾಯಿಗೆ 'ಯಾಡಿ', ನೀರಿಗೆ 'ಪಾಣಿ' ಎನ್ನುವ ಮಗುವಿಗೆ ಕನ್ನಡದ ವಾಕ್ಯ ತುಂಬ ದೂರದ್ದು. ಜನಗಣತಿಯಾದರೂ ಅದನ್ನು ಗುರುತಿಸುತ್ತದೆಯೇ ಎಂದರೆ, ಲಮಾಣಿ ಅಥವಾ ಲಂಬಾಡಿ ತಮ್ಮ ಮಾತೃಭಾಷೆ ಎಂದು ದೇಶದಾದ್ಯಂತ ಬರೆಸಿದ 32 ಲಕ್ಷಕ್ಕೂ ಹೆಚ್ಚು ಜನರನ್ನು 2011ರ ಪಟ್ಟಿ ಹಿಂದಿಯ ಅಡಿಯಲ್ಲಿ ಸೇರಿಸಿದೆ. ಭಾಷೆಗಳ ಪಟ್ಟಿ ನೋಡಿ ಯೋಜನೆ ಮಾಡುವ ಅಧಿಕಾರಿಗೆ ಲಂಬಾಣಿ ಎಂಬುದು ಪ್ರತ್ಯೇಕ ಭಾಷೆಯಾಗಿ ಕಾಣುವುದೇ ಇಲ್ಲ.

"ಲಿಪಿ ಇಲ್ಲದ ಭಾಷೆಯಲ್ಲಿ ಕಲಿಸುವುದು ಹೇಗೆ?" ಎಂಬ ಪ್ರಶ್ನೆ ವಿಚಾರಸಂಕಿರಣಗಳಲ್ಲಿ ತಪ್ಪದೆ ಬರುತ್ತದೆ. ಉತ್ತರ ಪಕ್ಕದಲ್ಲೇ ಇದೆ. ಅವಿಭಜಿತ ಆಂಧ್ರಪ್ರದೇಶ 2004ರಲ್ಲಿ ಎಂಟು ಬುಡಕಟ್ಟು ಭಾಷೆಗಳಲ್ಲಿ ಬಹುಭಾಷಾ ಶಿಕ್ಷಣ ಶುರುಮಾಡಿತು. ಗೋಂಡಿ, ಕೋಯ, ಸವರ ಮುಂತಾದವುಗಳ ಜೊತೆ ಬಂಜಾರವೂ ಅದರಲ್ಲಿತ್ತು. ಪುಸ್ತಕಗಳನ್ನು ತೆಲುಗು ಲಿಪಿಯಲ್ಲಿ ಬರೆದರು. ಮನೆಮಾತಿನಲ್ಲಿ ಆರಂಭಿಸಿ, ಹಂತಹಂತವಾಗಿ ತೆಲುಗಿಗೆ ದಾಟಿಸುವುದು ಅದರ ಕ್ರಮ. ಲಿಪಿ ಒಂದೇ ಆದ್ದರಿಂದ ಮನೆಮಾತಿನಲ್ಲಿ ಕಲಿತ ಅಕ್ಷರ ರಾಜ್ಯದ ಭಾಷೆಗೆ ಹೋದಾಗ ವ್ಯರ್ಥವಾಗುವುದಿಲ್ಲ. ಕನ್ನಡ ಲಿಪಿಗೂ ಇದೇ ತರ್ಕ ಹೊಂದುತ್ತದೆ. ತುಳುವಿನ ಪುಸ್ತಕಗಳು ಹೆಚ್ಚಾಗಿ ಅಚ್ಚಾಗುವುದು ಕನ್ನಡ ಲಿಪಿಯಲ್ಲೇ ಅಲ್ಲವೆ?

ಒಂದೇ ತರಗತಿಯಲ್ಲಿ ಮೂರು ನಾಲ್ಕು ಮನೆಮಾತುಗಳಿರುವ ಪಟ್ಟಣದ ಶಾಲೆಗೆ ಈ ದಾರಿ ಒಗ್ಗುವುದಿಲ್ಲ. ಅಲ್ಲಿ ಆರ್1 ಕನ್ನಡವೇ ಆಗುವುದು ಅನಿವಾರ್ಯ, ಅದರಲ್ಲಿ ತಪ್ಪೂ ಇಲ್ಲ. ಎಲ್ಲ ಮಕ್ಕಳೂ ಒಂದೇ ಮಾತಾಡುವ ತಾಂಡಾದ ಶಾಲೆಗೂ ಅದೇ ರಿಯಾಯಿತಿ ಯಾವ ಪ್ರಶ್ನೆಯೂ ಇಲ್ಲದೆ ಸಿಗುತ್ತದೆ ಎನ್ನುವುದಷ್ಟೇ ನನ್ನ ತಕರಾರು. ಓರೆಗೆರೆ ಈ ಎರಡು ಶಾಲೆಗಳ ವ್ಯತ್ಯಾಸವನ್ನು ಅಳಿಸಿಹಾಕುತ್ತದೆ.

ಹಾಗಾದರೆ ಚೌಕಟ್ಟು ಏನು ಹೇಳಬಹುದಿತ್ತು? ಮೊದಲನೆಯದಾಗಿ, ನಾಲ್ಕು ಹೆಸರುಗಳಿಗೆ ಒಂದು ಸರದಿ: ಮೊದಲು ಮನೆಮಾತು, ಆಗದಿದ್ದರೆ ಮುಂದಿನದು. ಎರಡನೆಯದಾಗಿ, ಮನೆಮಾತನ್ನು ಬಿಟ್ಟು ಮುಂದಕ್ಕೆ ಹೋಗುವ ಶಾಲೆ ತನ್ನ ಮಕ್ಕಳ ಮನೆಮಾತುಗಳನ್ನೂ ಬಿಟ್ಟ ಕಾರಣವನ್ನೂ ಬರೆದಿಡಬೇಕು. ಮೂರನೆಯದಾಗಿ, ಮೊದಲ ಮೂರು ತರಗತಿಗಳಲ್ಲಿ ಓದಿದ್ದನ್ನು ಮಗು ಮನೆಮಾತಿನಲ್ಲಿ ಹೇಳಿದರೂ ಅದನ್ನು ಸರಿಯುತ್ತರವೆಂದು ಒಪ್ಪಬೇಕು. ಮೂರನೆಯದಕ್ಕೆ ಹೊಸ ಪುಸ್ತಕ ಬೇಡ, ಹೊಸ ಹುದ್ದೆಯೂ ಬೇಡ. ಮಗುವಿನ ಮಾತು ತಿಳಿಯುವ ಟೀಚರು ಇರುವ ಕಡೆ ನಾಳೆಯೇ ಶುರುಮಾಡಬಹುದು, ನಮ್ಮ ಕಡೆಯ ಎಷ್ಟೋ ಶಾಲೆಗಳಲ್ಲಿ ಅಂಥವರು ಇದ್ದಾರೆ.

ನನ್ನ ಒಂದನೆಯ ತರಗತಿಯ ಟೀಚರ ಮನೆಮಾತೂ ತುಳುವೇ ಆಗಿತ್ತು. ಗೇಟಿನ ಹೊರಗೆ ಸಿಕ್ಕರೆ ತುಳುವಿನಲ್ಲೇ ಮಾತಾಡಿಸುತ್ತಿದ್ದರು, ತರಗತಿಯೊಳಗೆ ಒಮ್ಮೆಯೂ ಇಲ್ಲ. ಹಾಗೆ ಮಾಡಬಾರದೆಂದು ಯಾರೂ ಅವರಿಗೆ ಹೇಳಿರಲಿಕ್ಕಿಲ್ಲ. ಮಾಡಬಹುದೆಂದೂ ಯಾರೂ ಹೇಳಿರಲಿಲ್ಲ.