ಸೊಸೆಯ ಕಾಗದ, ತೋಟದ ಮನೆಯ ಲೆಕ್ಕ

ಕಕ್ಕಬೆಯ ಕಾಫಿ ತೋಟದ ಮನೆಯೊಂದಕ್ಕೆ ಹೊಸದಾಗಿ ಸೊಸೆಯಾಗಿ ಬಂದ ಹೆಣ್ಣುಮಗಳೊಬ್ಬರು ಅತ್ತೆ ಮಾವನಿಗೆ ಎರಡು ಪುಟದ ಕಾಗದ ಬರೆದಿದ್ದಾರೆ. ಮನೆಯ ಖರ್ಚನ್ನು ಎಲ್ಲರೂ ಸೇರಿ ಒಂದೇ ಪುಸ್ತಕದಲ್ಲಿ ಬರೆದಿಡೋಣ ಎಂಬುದು ಅದರ ಕೋರಿಕೆ. ಮನೆಮಾತು ಕೊಡವ ತಕ್ಕ್, ಕಾಗದ ಕನ್ನಡದಲ್ಲಿದೆ. ಮನೆಯವರ ಒಪ್ಪಿಗೆಯಿಂದ, ಹೆಸರು ಬಿಟ್ಟು, ಮೊತ್ತಗಳನ್ನು ದುಂಡಗೆ ಮಾಡಿ, ಅದರ ಗುಣದೋಷಗಳನ್ನು ಇಲ್ಲಿ ನೋಡುತ್ತಿದ್ದೇನೆ. ಇಂಥ ಕೋರಿಕೆಯನ್ನು ಬಾಯಲ್ಲಿ ಹೇಳಿದರೆ ಅದು ಊಟದ ಹೊತ್ತಿನ ಮಾತಾಗಿ ಕರಗಿಹೋಗುತ್ತದೆ, ಇಲ್ಲವೇ ಆರೋಪವಾಗಿ ಕೇಳಿಸುತ್ತದೆ. ಕಾಗದವನ್ನಾದರೆ ಅತ್ತೆ ಒಬ್ಬರೇ ಕೂತು ಇನ್ನೊಮ್ಮೆ ಓದಬಹುದು.

ಕಾಗದದ ಮೊದಲ ಅರ್ಧ ಪುಟ ನಿಜಕ್ಕೂ ಚೆನ್ನಾಗಿದೆ. ಯಾರ ಖರ್ಚನ್ನೂ ಪ್ರಶ್ನಿಸುವ ಮೊದಲು ಆಕೆ ತಮ್ಮ ಸಂಬಳ ಎಷ್ಟು, ಮದುವೆಗೆ ಮುಂಚಿನ ಸಾಲದ ಕಂತು ಎಷ್ಟು ಉಳಿದಿದೆ, ತವರಿಗೆ ತಿಂಗಳಿಗೆ ಎಷ್ಟು ಕಳಿಸುತ್ತಾರೆ ಎಂಬುದನ್ನು ಬರೆದಿದ್ದಾರೆ. ತವರಿಗೆ ಕಳಿಸುವ ದುಡ್ಡನ್ನು ಸೊಸೆಯೇ ಮುಂದಾಗಿ ಹೇಳಿಬಿಟ್ಟ ಮೇಲೆ, ನಾಳೆ ಪುಸ್ತಕದಲ್ಲಿ ಅದನ್ನು ಕಂಡು ಯಾರೂ ಹುಬ್ಬೇರಿಸಬೇಕಾಗಿಲ್ಲ. ಪುಸ್ತಕಕ್ಕೆ ಆಕೆ ಸೂಚಿಸಿದ ಅಂಕಣಗಳಲ್ಲಿ ದಿನಾಂಕ, ಸಾಮಾನು, ಮೊತ್ತಗಳ ಜೊತೆಗೆ ‘ಯಾರ ಕೈಯಿಂದ’ ಎಂಬುದೂ ಇದೆ. ತೋಟದ ಮನೆಯಲ್ಲಿ ಇದು ಬೇಕೇ ಬೇಕು. ನಾಪೋಕ್ಲುವಿಗೆ ಜೀಪಿನಲ್ಲಿ ಹೋದ ಮಾವ ಒಂದೇ ಓಡಾಟದಲ್ಲಿ ಗ್ಯಾಸು, ಅತ್ತೆಯ ಮಾತ್ರೆ, ಆಳುಗಳಿಗೆ ಅಕ್ಕಿ, ಮರ ಕಪಾತಿನ ಕತ್ತಿ ಎಲ್ಲವನ್ನೂ ತರುತ್ತಾರೆ. ದುಡ್ಡು ಒಂದೇ ಜೇಬಿನಿಂದ ಹೋಗುತ್ತದೆ, ಖರ್ಚು ಮಾತ್ರ ಎರಡು ಬಗೆಯದು. ಆದ್ದರಿಂದ ‘ಯಾರ ಕೈಯಿಂದ’ ಎಂಬುದರ ಪಕ್ಕದಲ್ಲಿ ‘ಮನೆಯೋ ತೋಟವೋ’ ಎಂಬ ಇನ್ನೊಂದು ಅಂಕಣ ಇರಲೇಬೇಕಿತ್ತು. ಅದಿಲ್ಲದ್ದರಿಂದ ಆಳುಗಳ ಅಕ್ಕಿಯೂ ಅಡುಗೆಮನೆಯ ಲೆಕ್ಕಕ್ಕೇ ಬಂದು ಬೀಳುತ್ತದೆ. ಆಗ ಅತ್ತೆಯ ಕೈ ಧಾರಾಳವಾಯಿತೇನೋ ಎಂದು ಕಾಣತೊಡಗುತ್ತದೆ.

ಕಾಗದದ ದೊಡ್ಡ ದೋಷ ಬೇರೆ ಕಡೆ ಇದೆ. ಈ ಮನೆಯಲ್ಲಿ ಲೆಕ್ಕವೇ ಇಲ್ಲ ಎಂಬಂತೆ ಅದು ಮಾತಾಡುತ್ತದೆ. ಲೆಕ್ಕ ಇದೆ, ಅದೂ ಮೂರು ಕಡೆ. ಮಾವನ ಹತ್ತಿರ ಆಳುಗಳ ಹಾಜರಿ, ಕೂಲಿ, ಮುಂಗಡ ಬರೆಯುವ ಚೆಕ್‌ರೋಲ್ ಇದೆ. ಅಂಗಡಿಯಲ್ಲಿ ಮನೆಯ ಹೆಸರಿನಲ್ಲಿ ಸಾಲದ ಪುಸ್ತಕವಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ದಿನ, ಹಾಲಿನ ಲೆಕ್ಕ, ಅಕ್ಕಿ ಮೂಟೆ ಬಿಚ್ಚಿದ ತಾರೀಕು ಅತ್ತೆಯ ಅಕ್ಷರದಲ್ಲಿವೆ. ಇಷ್ಟು ವರ್ಷ ಮನೆ ನಡೆದದ್ದು ಇವುಗಳ ಮೇಲೆ. ‘ನಿಮ್ಮ ಕ್ಯಾಲೆಂಡರಿನಲ್ಲಿ ಇರುವುದನ್ನು ನಾನು ಪುಸ್ತಕಕ್ಕೆ ಇಳಿಸುತ್ತೇನೆ’ ಎಂಬ ಒಂದು ಮಾತು ಕಾಗದದಲ್ಲಿದ್ದಿದ್ದರೆ ಅತ್ತೆಗೆ ಅದು ತಮ್ಮ ಕೆಲಸದ ಮುಂದುವರಿಕೆಯಾಗಿ ಕಾಣುತ್ತಿತ್ತು.

ಗೌರವದ ಮಾತು ಹಾಗಿರಲಿ, ಹಳೆಯ ಲೆಕ್ಕಗಳನ್ನು ಬಿಟ್ಟಿದ್ದರಿಂದ ಹೊಸ ಲೆಕ್ಕವೇ ತಪ್ಪುತ್ತದೆ. ಅಂಗಡಿ ಸಾಲವನ್ನೇ ತೆಗೆದುಕೊಳ್ಳಿ. ಜೂನ್ ಹೊತ್ತಿಗೆ ಅಂಗಡಿಯಲ್ಲಿ 4,000 ರೂಪಾಯಿ ಹಳೆಯ ಬಾಕಿ ಇತ್ತು ಎನ್ನೋಣ. ಜೂನ್‌ನಿಂದ ಜನವರಿಯವರೆಗೆ 38,000 ರೂಪಾಯಿಯ ಸಾಮಾನು ಸಾಲದಲ್ಲಿ ಬಂತು. ಫೆಬ್ರವರಿಯಲ್ಲಿ ಒಂದಿಷ್ಟು ಕಾಫಿ ಮಾರಿ ಮಾವ 36,000 ಕಟ್ಟಿದರು. ಸಾಮಾನು ಬಂದಾಗಲೂ ದುಡ್ಡು ಹೋದಾಗಲೂ ಬರೆಯಬೇಕು ಎನ್ನುತ್ತದೆ ಕಾಗದ. ಹಾಗೆ ಮಾಡಿದರೆ ಪುಸ್ತಕದಲ್ಲಿ 74,000 ಖರ್ಚು ಕಾಣುತ್ತದೆ, ತಿಂದದ್ದು 38,000ದ್ದು ಮಾತ್ರ. ದುಡ್ಡು ಹೋದಾಗ ಮಾತ್ರ ಬರೆದರೆ ಮಳೆಗಾಲವೆಲ್ಲ ಮನೆ ಉಪವಾಸವಿದ್ದು ಫೆಬ್ರವರಿಯಲ್ಲಿ ಹಬ್ಬ ಮಾಡಿದಂತೆ ಕಾಣುತ್ತದೆ. ಸಾಮಾನು ಮನೆಗೆ ಬಂದ ದಿನವೇ ಖರ್ಚು ಎಂದು ಬರೆದು, ಆಮೇಲೆ ಕಟ್ಟಿದ್ದನ್ನು ಕೊನೆಯ ಪುಟಗಳಲ್ಲಿ ‘ಸಾಲ ತೀರಿಸಿದ್ದು’ ಎಂದು ಬೇರೆ ಇಡುವುದೇ ಸರಿಯಾದ ಕ್ರಮ. ಲೆಕ್ಕ ಸರಿಯಿದೆಯೇ ಎಂದು ತಿಳಿಯಲು ಹಳೆ ಬಾಕಿಗೆ ಹೊಸ ಸಾಮಾನು ಕೂಡಿಸಿ, ಕಟ್ಟಿದ್ದನ್ನು ಕಳೆಯಬೇಕು. ಇಲ್ಲಿ 6,000 ಉಳಿಯುತ್ತದೆ. ಅಂಗಡಿಯವರ ಪುಸ್ತಕವೂ ಅಷ್ಟನ್ನೇ ತೋರಿಸಬೇಕು. ತೋರಿಸದಿದ್ದರೆ ಯಾರೋ ಒಬ್ಬರು ಚೀಟಿ ತಂದು ಜೇಬಿನಲ್ಲೇ ಮರೆತಿದ್ದಾರೆ ಎಂದರ್ಥ.

ತಿಂಗಳಿಗೆ 25,000 ಎಂದು ಕಾಗದ ಹಾಕಿರುವ ಮಿತಿಯೂ ಈ ಊರಿಗೆ ಹೊಂದುವುದಿಲ್ಲ. ಒಂದನೇ ತಾರೀಕು ಸಂಬಳ ಬರುವವರ ಲೆಕ್ಕ ಅದು. ರೋಬಸ್ಟಾ ಕೊಯ್ಲು ಹೆಚ್ಚುಕಡಿಮೆ ಜನವರಿಯಿಂದ ಮಾರ್ಚ್‌ವರೆಗೆ ನಡೆದು, ಹಣ್ಣು ಕಣದಲ್ಲಿ ಒಣಗಿ ಚೀಲ ಸೇರಿದ ಮೇಲೂ ಕೈಗೆ ದುಡ್ಡು ಬಂದಂತಲ್ಲ. ದರ ನೋಡಿ ಮಾರುತ್ತಾರೆ. 2024ರಲ್ಲಿ ರೋಬಸ್ಟಾ ಚೆರಿಯ 50 ಕಿಲೋ ಚೀಲ ಹತ್ತು ಸಾವಿರ ರೂಪಾಯಿ ದಾಟಿದಾಗ, ಮೊದಲೇ ಮಾರಿದವರಿಗೂ ಕಾದವರಿಗೂ ಕೈಗೆ ಬಂದ ಹಣದಲ್ಲಿ ಭಾರಿ ವ್ಯತ್ಯಾಸವಾಯಿತು. ಇತ್ತ ಖರ್ಚೂ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ತಡಿಯಂಡಮೋಳ್ ಬೆಟ್ಟದ ಬುಡದ ಈ ಮಳೆಗೆ ಹೆದರಿ ಮೇ ತಿಂಗಳಲ್ಲೇ ಅಕ್ಕಿ, ಬೇಳೆ, ಒಣಮೀನು, ಸೌದೆ ಎಲ್ಲವನ್ನೂ ತುಂಬಿಟ್ಟುಕೊಳ್ಳುತ್ತಾರೆ. ಕಾಗದದ ಅಳತೆಯಲ್ಲಿ ಮೇ ತಿಂಗಳು ದುಂದು, ಜುಲೈ ಮಿತವ್ಯಯ. ಎರಡೂ ನಿಜವಲ್ಲ.

ನನ್ನ ಪ್ರಕಾರ ಲೆಕ್ಕದ ವರ್ಷ ಮೇ 1ರಿಂದ ಏಪ್ರಿಲ್ 30ರವರೆಗೆ ಇರಬೇಕು. ಆಗ ಮಳೆಗಾಲದ ದಾಸ್ತಾನು, ಅದನ್ನು ತಿನ್ನುವ ತಿಂಗಳುಗಳು, ಕೊಯ್ಲು ಎಲ್ಲವೂ ಒಂದೇ ವರ್ಷದೊಳಗೆ ಬರುತ್ತವೆ. ಪುತ್ತರಿಯಿಂದ ಪುತ್ತರಿಗೆ ಲೆಕ್ಕ ಹಾಕೋಣ ಎಂದು ಇಲ್ಲಿ ಯಾರಿಗಾದರೂ ಅನ್ನಿಸುವುದು ಸಹಜವೇ. ಹಬ್ಬದ ಮುಹೂರ್ತ ನಿಶ್ಚಯವಾಗುವುದೇ ಕಕ್ಕಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ. ಆದರೆ ಆ ದಿನ ಚಂದ್ರನನ್ನು ಅನುಸರಿಸಿ ಹಿಂದೆಮುಂದೆ ಆಗುತ್ತದೆ, ಒಂದು ವರ್ಷ ಇನ್ನೊಂದಕ್ಕಿಂತ ಸುಮಾರು ಒಂದು ತಿಂಗಳು ಉದ್ದವಾಗಿಬಿಡಬಹುದು. ಹಾಗಾದಾಗ ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಲಾಗದು. ಪುತ್ತರಿಗೆ ಎಲ್ಲರೂ ಊರಿಗೆ ಬಂದಿರುತ್ತಾರೆ, ಪುಸ್ತಕ ತೆರೆದು ನೋಡುವುದಕ್ಕೆ ಒಳ್ಳೆಯ ಹೊತ್ತು. ವರ್ಷದ ಲೆಕ್ಕ ಮುಗಿಸುವುದಕ್ಕಲ್ಲ.

ಎರಡನೇ ಪುಟದಲ್ಲಿ ನನಗೆ ಒಪ್ಪಿಗೆಯಾಗದ ಮಾತು ಇನ್ನೊಂದಿದೆ. ಒಂದು ರೂಪಾಯಿಯೂ ಬಿಡದೆ ಎಲ್ಲವನ್ನೂ ಬರೆಯಬೇಕು ಎನ್ನುತ್ತಾರೆ ಆಕೆ. ಬಾಳೆಗೊನೆ, ಮೊಟ್ಟೆ, ಬಳ್ಳಿಯ ಬುಡದಲ್ಲಿ ಹೆಕ್ಕಿದ ಉದುರು ಮೆಣಸು ಮಾರಿ ಬಂದ ಪುಡಿಗಾಸು ಈ ಮನೆಯಲ್ಲಿ ಅತ್ತೆಯದು. ಬೇರೆ ಮನೆಗೆ ಮದುವೆಯಾಗಿ ಹೋದ ಮಗಳು ಬಂದಾಗ ಕೈಗಿಡುವುದು, ಯಾರದೋ ಮಗುವಿಗೆ ಕೊಡುವುದು ಅದರಲ್ಲೇ. ಅದನ್ನೂ ಪುಸ್ತಕಕ್ಕೆ ತಂದರೆ ಇಷ್ಟು ವರ್ಷ ಯಾರನ್ನೂ ಕೇಳದೆ ಖರ್ಚು ಮಾಡಿದ ಹೆಂಗಸು ಇನ್ನು ಮಗನ ಮುಂದೆ, ಸೊಸೆಯ ಮುಂದೆ ಕಾರಣ ಕೊಡಬೇಕಾಗುತ್ತದೆ. ಮನೆಯ ನಾಲ್ಕು ಜನಕ್ಕೂ ಸಮನಾಗಿ, ಲೆಕ್ಕ ಕೊಡಬೇಕಿಲ್ಲದ ಒಂದಿಷ್ಟು ಕೈಕಾಸು ಬಿಡಬೇಕು, ಅದು ಪುಸ್ತಕದಲ್ಲಿ ‘ಕೈಕಾಸು’ ಎಂಬ ಒಂದೇ ಸಾಲಾಗಿ ಬರಬೇಕು. ಉದುರು ಮೆಣಸಿನ ದುಡ್ಡು ಅದಕ್ಕೂ ಹೊರಗೆ, ಅತ್ತೆಯ ಹತ್ತಿರವೇ ಇರಲಿ. ಸೊಸೆ ತವರಿಗೆ ಕಳಿಸುವ ದುಡ್ಡಿಗೂ ಇದೇ ರಕ್ಷಣೆ ಸಿಗಬೇಕು: ಮೊತ್ತ ಒಮ್ಮೆ ಹೇಳಿಯಾಗಿದೆ, ತಿಂಗಳು ತಿಂಗಳೂ ಅದನ್ನು ಬರೆದು ತೋರಿಸಬೇಕಾಗಿಲ್ಲ.