ನಿಂತ ಫ್ಯಾನಿನ ಕೀರ್ತಿ

ಸದ್ದಿಲ್ಲದ ಡೆಸ್ಕ್‌ಟಾಪ್ ಕಟ್ಟುವವರು ಈಗ ಎಲ್ಲಕ್ಕಿಂತ ಹೆಚ್ಚು ಹೊಗಳುವುದು ‘ಝೀರೋ ಆರ್‌ಪಿಎಂ’ ಎಸ್‌ಎಂಪಿಎಸ್ ಅನ್ನು. ಹೊರೆ ಕಡಿಮೆಯಿದ್ದಾಗ ಅದರ ಫ್ಯಾನ್ ಪೂರ್ತಿ ನಿಲ್ಲುತ್ತದೆ. ನಿಂತ ಫ್ಯಾನಿಗೆ ಸದ್ದೆಲ್ಲಿಯದು ಎಂಬುದು ಅವರ ತರ್ಕ. ಬರೀ ಓದುವ ಕೋಣೆಗಾದರೆ ಒಪ್ಪೋಣ. ಮನೆಯಲ್ಲೇ ಮೈಕ್ ಇಟ್ಟು ಕಥೆ ಓದಿ ಮುದ್ರಿಸುವವರ ಮಟ್ಟಿಗೆ ಇದು ಸಲ್ಲದ ಕೀರ್ತಿ.

ಉಳಿದ ಭಾಗಗಳ ಬಗ್ಗೆ ತಕರಾರಿಲ್ಲ. 7200 ಸುತ್ತಿನ ಹಾರ್ಡ್ ಡಿಸ್ಕ್ ಕ್ಯಾಬಿನೆಟ್ಟಿನ ತಗಡನ್ನೇ 120 ಹರ್ಟ್ಸ್‌ನಲ್ಲಿ ಗುಂಯ್‌ಗುಡಿಸುತ್ತದೆ, ಆದ್ದರಿಂದ ಎಸ್‌ಎಸ್‌ಡಿ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ, ಆದ್ದರಿಂದ ನಿಧಾನ ತಿರುಗುವ ದೊಡ್ಡ ಫ್ಯಾನ್. ಇವೆಲ್ಲ ಬಲ್ಲವರಿಗೆ ಗೊತ್ತಿರುವ ಮಾತೇ.

ಜಗಳವಿರುವುದು ಫ್ಯಾನ್ ಮತ್ತೆ ಹೊರಡುವ ಆ ಗಳಿಗೆಯ ಬಗ್ಗೆ. 65 ವ್ಯಾಟ್‌ನ ಪ್ರೊಸೆಸರ್, ಅದರೊಳಗೇ ಇರುವ ಗ್ರಾಫಿಕ್ಸ್, 550 ವ್ಯಾಟ್‌ನ ಎಸ್‌ಎಂಪಿಎಸ್ ಇರುವ ಒಂದು ಯಂತ್ರವನ್ನು ತೆಗೆದುಕೊಳ್ಳಿ. ಮುದ್ರಣದ ಹೊತ್ತಿನಲ್ಲಿ ಅದಕ್ಕೆ 60 ವ್ಯಾಟ್ ಬೇಕು ಎಂದಿಟ್ಟುಕೊಂಡರೆ, ಶೇಕಡಾ 85 ದಕ್ಷತೆಯಲ್ಲಿ ಸುಮಾರು 10 ವ್ಯಾಟ್ ಎಸ್‌ಎಂಪಿಎಸ್ ಒಳಗೇ ಶಾಖವಾಗಿ ಉಳಿಯುತ್ತದೆ. ಎಸಿ ಕೋಣೆಯಲ್ಲಿ ಅದು ತಾನಾಗಿ ಆರಿಹೋದೀತು. ರಾಯಚೂರಿನ ಏಪ್ರಿಲ್‌ನಲ್ಲಿ, ಬೀದಿಯ ಸದ್ದಿಗೆ ಹೆದರಿ ಕಿಟಕಿ ಹಾಕಿ, ಮೈಕ್‌ಗೆ ಹೆದರಿ ಸೀಲಿಂಗ್ ಫ್ಯಾನ್ ಆರಿಸಿ ಕೂತರೆ ಆರುವುದಿಲ್ಲ. ಪೆಟ್ಟಿಗೆ ಮೆಲ್ಲಗೆ ಕಾಯುತ್ತದೆ, ನಿಗದಿತ ಉಷ್ಣತೆ ಮುಟ್ಟುತ್ತದೆ, ಫ್ಯಾನ್ ಎದ್ದು ಹೊರಡುತ್ತದೆ. ನಿಂತ ಮೋಟಾರು ಹೊರಡಲು, ತಿರುಗುತ್ತಲೇ ಇರುವುದಕ್ಕಿಂತ ಹೆಚ್ಚಿನ ವೋಲ್ಟೇಜ್ ಬೇಕು. ಹಾಗಾಗಿ ಅದು ಮೆಲ್ಲಗೆ ಏಳುವುದಿಲ್ಲ, ಗಕ್ಕನೆ ಏಳುತ್ತದೆ. ಸ್ವಲ್ಪ ತಣಿದೊಡನೆ ನಿಲ್ಲುತ್ತದೆ. ಹೊರಡುವ ಉಷ್ಣತೆಗೂ ನಿಲ್ಲುವ ಉಷ್ಣತೆಗೂ ಅಂತರ ಕಿರಿದಾಗಿದ್ದರೆ ಈ ಆಟ ಅಧ್ಯಾಯ ಮುಗಿಯುವವರೆಗೂ ನಡೆಯುತ್ತದೆ.

ಕಿವಿ ಇದನ್ನು ಕ್ಷಮಿಸೀತು, ಸಂಕಲನ ಕ್ಷಮಿಸದು. ಸದ್ದು ತೆಗೆಯುವ ತಂತ್ರಾಂಶಕ್ಕೆ ಕೋಣೆಯ ಖಾಲಿ ಸದ್ದಿನ ಕೆಲವು ಸೆಕೆಂಡುಗಳ ಮಾದರಿ ಕೊಡುತ್ತೇವೆ. ಅದು ಮುದ್ರಣದುದ್ದಕ್ಕೂ ಆ ಆಕಾರದ ಸದ್ದನ್ನೇ ಹುಡುಕಿ ತಗ್ಗಿಸುತ್ತದೆ. ಫ್ಯಾನ್ ನಿಂತಾಗ ಮಾದರಿ ತೆಗೆದರೆ, ಅದು ತಿರುಗಿದ ಸಾಲುಗಳು ಹಾಗೇ ಉಳಿಯುತ್ತವೆ. ತಿರುಗುವಾಗ ತೆಗೆದರೆ, ಸದ್ದೇ ಇಲ್ಲದ ಸಾಲುಗಳಲ್ಲೂ ದನಿಯ ಮೆಲುಭಾಗ ಸವೆಯುತ್ತದೆ. ತಪ್ಪಿದ ವಾಕ್ಯವನ್ನು ಮತ್ತೆ ಓದಿ ನಡುವೆ ಸೇರಿಸಿದಾಗ ಹಿನ್ನೆಲೆ ದಿಢೀರನೆ ಬದಲಾಗಿ ಬೆಸುಗೆ ಬಯಲಾಗುತ್ತದೆ. ಬದಲಾಗದೆ ಒಂದೇ ಸಮನಿರುವ ಸಣ್ಣ ಸದ್ದನ್ನು ಅದೇ ತಂತ್ರಾಂಶ ಸಲೀಸಾಗಿ ಅಳಿಸುತ್ತದೆ.

ನಮ್ಮ ವಿಮರ್ಶಕರು ಇದನ್ನು ಕೇಳಿಸಿಕೊಳ್ಳುವುದೇ ಇಲ್ಲ. ತಂಪು ಕೋಣೆಯಲ್ಲಿ ಅಳೆದು ಒಂದೇ ಡೆಸಿಬೆಲ್ ಅಂಕಿ ಬರೆದು, ಪಟ್ಟಿಯಲ್ಲಿ ಸ್ಥಾನ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಸರಾಸರಿಯಲ್ಲಿ ಎಷ್ಟು ಸಲ ಹೊರಟಿತು, ಎಷ್ಟು ಸಲ ನಿಂತಿತು ಎಂಬುದು ಕರಗಿಹೋಗುತ್ತದೆ. ಇನ್ನು ಕೆಲವರು ‘80 ಪ್ಲಸ್ ಗೋಲ್ಡ್’ ಮುದ್ರೆಯನ್ನೇ ಮೌನದ ಪ್ರಮಾಣಪತ್ರವೆಂದು ಓದುತ್ತಾರೆ; ಅದು ದಕ್ಷತೆಯ ಮುದ್ರೆ, ಸದ್ದಿನ ಬಗ್ಗೆ ಒಂದಕ್ಷರವೂ ಅದರಲ್ಲಿಲ್ಲ. 2002ರಲ್ಲೇ ಕೆನಡಾದ ಮೈಕ್ ಚಿನ್ ಈ ಬಗೆಯ ವಿಮರ್ಶೆ ಶುರುಮಾಡಿದಾಗ, ಅಂಕಿಯ ಜೊತೆಗೆ ಸದ್ದಿನ ಗುಣವನ್ನೂ ಬಣ್ಣಿಸುತ್ತಿದ್ದರು, ಮುಂದೆ ಅದರ ಧ್ವನಿಮುದ್ರಣವನ್ನೂ ಕೊಡತೊಡಗಿದರು. ಅವರ ನಂತರದವರು ಮೀಟರನ್ನು ಉಳಿಸಿಕೊಂಡು ಕಿವಿಯನ್ನು ಬಿಟ್ಟರು.

ನ್ಯಾಯಕ್ಕೆ ಒಂದು ಮಾತು: ನಿಂತ ಫ್ಯಾನ್ ಧೂಳು ಕಡಿಮೆ ಎಳೆಯುತ್ತದೆ. ಆದರೆ ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ಕಾಯುವ ಕೆಪಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪರೀಕ್ಷೆ ಸುಲಭ. ಮೈಕನ್ನು ಅದರ ಜಾಗದಲ್ಲೇ ಇಟ್ಟು, ಕೋಣೆ ಮುಚ್ಚಿ, ಅರ್ಧ ಗಂಟೆ ಮೌನ ಮುದ್ರಿಸಿ ಸ್ಪೆಕ್ಟ್ರೋಗ್ರಾಮ್ ತೆರೆಯಿರಿ. ಅಡ್ಡಗೆರೆ ಉದ್ದಕ್ಕೂ ಒಂದೇ ಸಮನಿದ್ದರೆ ಚಿಂತೆಯಿಲ್ಲ. ಮೂಡಿ ಮಾಯವಾಗುತ್ತಿದ್ದರೆ ಫ್ಯಾನ್ ಹೊರಟು ನಿಲ್ಲುತ್ತಿದೆ. ಮೌಸ್ ಚಕ್ರ ತಿರುಗಿಸಿದಾಗ ಕೀರಲು ದನಿ ಏರಿಳಿದರೆ ಅದು ಕಾಯಿಲ್‌ನ ಕಾಟ. ಯಾವ ಫ್ಯಾನ್ ಬದಲಿಸಿದರೂ ಹೋಗದು.

ಪ್ರೊಸೆಸರ್ ಫ್ಯಾನಿಗೂ ಇದೇ ನ್ಯಾಯ. ಒಂದು ಪ್ರೋಗ್ರಾಂ ತೆರೆದರೆ ಸಾಕು, ಪ್ರೊಸೆಸರಿನ ಉಷ್ಣತೆ ಕ್ಷಣದಲ್ಲಿ 15 ಡಿಗ್ರಿ ಜಿಗಿದೀತು. ಫ್ಯಾನ್ ಅದರ ಹಿಂದೆ ಓಡಬಾರದು. ಬಯಾಸ್‌ನಲ್ಲಿ 65–70 ಡಿಗ್ರಿಯವರೆಗೆ 600 ಆರ್‌ಪಿಎಂ ಆಸುಪಾಸಿನ ಒಂದೇ ವೇಗ ಕೊಟ್ಟು, ಏರುವ ಗತಿಯನ್ನು ನಿಧಾನಕ್ಕಿಡಿ.

ಹಲವು ಎಸ್‌ಎಂಪಿಎಸ್‌ಗಳ ಬೆನ್ನಿಗೆ ‘ಹೈಬ್ರಿಡ್’ ಗುಂಡಿಯಿರುತ್ತದೆ. ಅದನ್ನು ಆಫ್ ಮಾಡಿದರೆ ಫ್ಯಾನ್ ಸದಾ ತಿರುಗುತ್ತದೆ. ಅದರ ಕನಿಷ್ಠ ವೇಗವೇ ಜೋರಾಗಿದ್ದರೆ ಈ ಉಪಾಯ ನಡೆಯದು. ಆದ್ದರಿಂದ ಹಣ ಕೊಡಬೇಕಾದದ್ದು ನಿಲ್ಲಬಲ್ಲ ಫ್ಯಾನಿಗಲ್ಲ, ತೀರ ನಿಧಾನವಾಗಿ ತಿರುಗಬಲ್ಲ ಫ್ಯಾನಿಗೆ.